ಷೇರು, ಚಿನ್ನ, ಖಜಾನೆ ಹುಂಡಿ: ಸ್ಪರ್ಶಕ ಪೋರ್ಟ್‌ಫೋಲಿಯೊ ಸಿಗುವ ಬಗೆ

ಷೇರು ಮತ್ತು ಚಿನ್ನ ಎರಡರಲ್ಲೇ ಹಣ ಹಾಕುವುದಾದರೆ ಯಾವುದಕ್ಕೆ ಎಷ್ಟು ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಉತ್ತರವಿಲ್ಲ. ಏರಿಳಿತ ತಡೆದುಕೊಳ್ಳಬಲ್ಲವರು ಷೇರಿನ ಕಡೆ ವಾಲುತ್ತಾರೆ, ಅಳುಕುವವರು ಚಿನ್ನ ಹೆಚ್ಚಿಸಿಕೊಳ್ಳುತ್ತಾರೆ, ಇಬ್ಬರದೂ ತಪ್ಪಲ್ಲ. ಇವೆರಡರ ಜೊತೆಗೆ ಅಪಾಯವೇ ಇಲ್ಲದ ಮೂರನೆಯ ಹೂಡಿಕೆಯೊಂದು ಸಿಕ್ಕರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆಗ ಷೇರು-ಚಿನ್ನದ ಒಂದು ನಿರ್ದಿಷ್ಟ ಪ್ರಮಾಣ ಇಬ್ಬರಿಗೂ ಸರಿಹೊಂದುತ್ತದೆ. ಆ ಮಿಶ್ರಣದಲ್ಲಿ ಎಷ್ಟು ಹಣ, ಅಪಾಯವಿಲ್ಲದ ಕಡೆ ಎಷ್ಟು ಹಣ ಎಂಬುದಷ್ಟೇ ಅವರವರ ಧೈರ್ಯಕ್ಕೆ ಬಿಟ್ಟದ್ದು. ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಹಾಕಿಕೊಟ್ಟ ಲೆಕ್ಕದ ಮೇಲೆ ಜೇಮ್ಸ್ ಟೋಬಿನ್ 1958ರಲ್ಲಿ ಕಂಡುಕೊಂಡ ಫಲಿತಾಂಶವಿದು. ಆ ಮಿಶ್ರಣಕ್ಕೆ ಸ್ಪರ್ಶಕ ಪೋರ್ಟ್‌ಫೋಲಿಯೊ ಎಂದೂ, ಅದನ್ನು ಅಪಾಯವಿಲ್ಲದ ಹೂಡಿಕೆಗೆ ಜೋಡಿಸುವ ಗೆರೆಗೆ ಬಂಡವಾಳ ಹಂಚಿಕೆ ರೇಖೆ ಎಂದೂ ಹೆಸರು.

ಭಾರತದಲ್ಲಿ ಅಪಾಯವಿಲ್ಲದ ಹೂಡಿಕೆ ಎಂದು ಹಿಡಿಯಲು ಯೋಗ್ಯವಾದದ್ದು ಕೇಂದ್ರ ಸರ್ಕಾರದ ಖಜಾನೆ ಹುಂಡಿ, ಅಂದರೆ ಟ್ರೆಷರಿ ಬಿಲ್. 91, 182 ಮತ್ತು 364 ದಿನಗಳ ಅವಧಿಗೆ ರಿಸರ್ವ್ ಬ್ಯಾಂಕು ಇವುಗಳನ್ನು ಹರಾಜು ಹಾಕುತ್ತದೆ. ಇದಕ್ಕೆ ಪ್ರತ್ಯೇಕ ಬಡ್ಡಿ ಇಲ್ಲ. ಉದಾಹರಣೆಗೆ 364 ದಿನದ ಹುಂಡಿಯನ್ನು ಸುಮಾರು 94 ರೂಪಾಯಿ 35 ಪೈಸೆಗೆ ಕೊಂಡು ಅವಧಿ ಮುಗಿದಾಗ 100 ರೂಪಾಯಿ ಪಡೆದರೆ ವಾರ್ಷಿಕ ಪ್ರತಿಫಲ ಶೇ 6 ಆಗುತ್ತದೆ. ಕೊಳ್ಳುವ ದಿನವೇ ಎಷ್ಟು ಬರುತ್ತದೆಂದು ಖಚಿತವಾಗಿ ಗೊತ್ತಿರುವುದರಿಂದ ಇದರ ಅಪಾಯ ಸೊನ್ನೆ. ಒಂದು ವರ್ಷದ ಯೋಜನೆಗೆ ಒಂದು ವರ್ಷದ ಹುಂಡಿಯನ್ನೇ ಆರಿಸಬೇಕು. ಹತ್ತು ವರ್ಷದ ಸರ್ಕಾರಿ ಬಾಂಡಿನಲ್ಲೂ ಹಣ ಮುಳುಗುವ ಭಯವಿಲ್ಲ, ಆದರೆ ಬಡ್ಡಿದರ ಏರಿದರೆ ವರ್ಷದ ಕೊನೆಗೆ ಅದರ ಬೆಲೆ ಇಳಿದಿರಬಹುದು.

ಮುಂದಿನ ಲೆಕ್ಕದ ಅಂಕಿಗಳೆಲ್ಲ ವಿವರಣೆಗಾಗಿ ಊಹಿಸಿಕೊಂಡವು. ಹುಂಡಿಯ ಪ್ರತಿಫಲ ಶೇ 6. ಷೇರು ಸೂಚ್ಯಂಕ ನಿಧಿಯಿಂದ ನಿರೀಕ್ಷಿಸುವ ಸರಾಸರಿ ಪ್ರತಿಫಲ ಶೇ 14, ಅದರ ಮಾನಕ ವಿಚಲನೆ ಶೇ 20. ಅಂದರೆ ಮೂರು ವರ್ಷಗಳಲ್ಲಿ ಸರಿಸುಮಾರು ಎರಡು ವರ್ಷ ಪ್ರತಿಫಲವು ಶೇ 6ರ ನಷ್ಟದಿಂದ ಶೇ 34ರ ಲಾಭದ ನಡುವೆ ಎಲ್ಲೋ ಬೀಳುತ್ತದೆ. ಉಳಿದ ವರ್ಷ ಆ ಗಡಿಯನ್ನೂ ದಾಟುತ್ತದೆ. ಚಿನ್ನದ ಸರಾಸರಿ ಪ್ರತಿಫಲ ಶೇ 9, ವಿಚಲನೆ ಶೇ 15. ಷೇರು ಮತ್ತು ಚಿನ್ನದ ಏರಿಳಿತಗಳ ನಡುವೆ ಸಂಬಂಧವಿಲ್ಲ, ಅಂದರೆ ಸಹಸಂಬಂಧ ಸೊನ್ನೆ ಎಂದು ಇಟ್ಟುಕೊಂಡರೆ ಲೆಕ್ಕವನ್ನು ಕೈಯಲ್ಲೇ ಮಾಡಬಹುದು.

ಕಾಗದದ ಮೇಲೆ ಅಡ್ಡಕ್ಕೆ ಅಪಾಯವನ್ನೂ ಉದ್ದಕ್ಕೆ ಪ್ರತಿಫಲವನ್ನೂ ಗುರುತಿಸಿ, ಷೇರು-ಚಿನ್ನದ ಬೇರೆ ಬೇರೆ ಪ್ರಮಾಣಗಳನ್ನು ಬಿಂದುಗಳಾಗಿ ಇಟ್ಟರೆ ಎಡಕ್ಕೆ ಉಬ್ಬಿದ ಒಂದು ವಕ್ರರೇಖೆ ಮೂಡುತ್ತದೆ. ಅದರ ಎಡತುದಿಯಲ್ಲಿರುವುದು ಶೇ 36 ಷೇರು, ಶೇ 64 ಚಿನ್ನದ ಮಿಶ್ರಣ. ಅದರ ಅಪಾಯ ಶೇ 12. ಬರೀ ಚಿನ್ನದ ಅಪಾಯಕ್ಕಿಂತಲೂ ಇದು ಕಡಿಮೆ, ಏಕೆಂದರೆ ಒಂದು ಬಿದ್ದಾಗ ಇನ್ನೊಂದೂ ಬೀಳಬೇಕೆಂದಿಲ್ಲ. ಹುಂಡಿಯ ಜಾಗ ಉದ್ದದ ಅಕ್ಷದ ಮೇಲೆ, ಅಪಾಯ ಸೊನ್ನೆ ಮತ್ತು ಪ್ರತಿಫಲ 6 ಇರುವಲ್ಲಿ.

ಹುಂಡಿಯ ಬಿಂದುವಿನಿಂದ ವಕ್ರರೇಖೆಯ ಯಾವುದೇ ಬಿಂದುವಿಗೆ ಗೆರೆ ಎಳೆಯಬಹುದು. ಹಣವನ್ನು ಹುಂಡಿಗೂ ಆ ಮಿಶ್ರಣಕ್ಕೂ ಹಂಚಿದಾಗ ಸಿಗುವ ಫಲವೆಲ್ಲ ಆ ನೇರ ಗೆರೆಯ ಮೇಲೇ ಇರುತ್ತದೆ. ಹುಂಡಿಯಲ್ಲಿ ಏರಿಳಿತವೇ ಇಲ್ಲದ್ದರಿಂದ ಅರ್ಧ ಹಣ ಅಲ್ಲಿಟ್ಟರೆ ಅಪಾಯವೂ ಸರಿಯಾಗಿ ಅರ್ಧಕ್ಕಿಳಿಯುತ್ತದೆ. ಗೆರೆ ಬಾಗದಿರುವುದು ಇದೇ ಕಾರಣಕ್ಕೆ. ಹಾಗಾದರೆ ಅತ್ಯಂತ ಕಡಿದಾಗಿ ಏರುವ ಗೆರೆಯೇ ಬೇಕು, ಏಕೆಂದರೆ ಅದೇ ಅಪಾಯಕ್ಕೆ ಅದು ಉಳಿದ ಎಲ್ಲ ಗೆರೆಗಳಿಗಿಂತ ಹೆಚ್ಚು ಕೊಡುತ್ತದೆ. ಗೆರೆಯನ್ನು ಮೇಲೆತ್ತುತ್ತಾ ಹೋದರೆ ಕೊನೆಗೆ ಅದು ವಕ್ರರೇಖೆಯನ್ನು ಒಂದೇ ಬಿಂದುವಿನಲ್ಲಿ ಮುಟ್ಟಿ ನಿಲ್ಲುತ್ತದೆ. ಆ ಬಿಂದುವೇ ಸ್ಪರ್ಶಕ ಪೋರ್ಟ್‌ಫೋಲಿಯೊ.

ಗೆರೆಯ ಏರನ್ನು ಅಳೆಯುವುದು ಸುಲಭ. ಮಿಶ್ರಣದ ಪ್ರತಿಫಲದಿಂದ ಹುಂಡಿಯ ಪ್ರತಿಫಲ ಕಳೆದು, ಉಳಿದದ್ದನ್ನು ಅಪಾಯದಿಂದ ಭಾಗಿಸಬೇಕು. ವಿಲಿಯಂ ಶಾರ್ಪ್ ಅವರ ಹೆಸರಿನಲ್ಲಿ ಇದು ಶಾರ್ಪ್ ಅನುಪಾತವೆಂದು ಪ್ರಸಿದ್ಧ. ಬರೀ ಷೇರಿಗೆ ಇದು 8ನ್ನು 20ರಿಂದ ಭಾಗಿಸಿದರೆ ಬರುವ 0.40. ಬರೀ ಚಿನ್ನಕ್ಕೆ 3ನ್ನು 15ರಿಂದ ಭಾಗಿಸಿ 0.20. ಅತಿ ಕಡಿಮೆ ಅಪಾಯದ 36-64ರ ಮಿಶ್ರಣಕ್ಕೂ 0.40 ಮಾತ್ರ. ಕಡಿಮೆ ಅಪಾಯದ ಮಿಶ್ರಣವೇ ಉತ್ತಮ ಮಿಶ್ರಣ ಎಂಬ ಸಾಮಾನ್ಯ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ; ಅಪಾಯ ತಗ್ಗಿಸುವ ಕೆಲಸವನ್ನು ಈಗ ಹುಂಡಿಯೇ ಮಾಡಬಲ್ಲದು.

ಉತ್ತಮ ಪ್ರಮಾಣವನ್ನು ನೇರವಾಗಿ ಹೀಗೆ ಕಂಡುಹಿಡಿಯಬಹುದು. ಸಹಸಂಬಂಧ ಸೊನ್ನೆಯಿದ್ದಾಗ ಪ್ರತಿಯೊಂದರ ಹೆಚ್ಚುವರಿ ಪ್ರತಿಫಲವನ್ನು ಅದರ ವಿಚಲನೆಯ ವರ್ಗದಿಂದ ಭಾಗಿಸಬೇಕು. ಷೇರಿಗೆ 8 ÷ 400 = 0.0200. ಚಿನ್ನಕ್ಕೆ 3 ÷ 225 = 0.0133. ಇವೆರಡರ ಅನುಪಾತ 3:2. ಆದ್ದರಿಂದ ಸ್ಪರ್ಶಕ ಪೋರ್ಟ್‌ಫೋಲಿಯೊದಲ್ಲಿ ಶೇ 60 ಷೇರು, ಶೇ 40 ಚಿನ್ನ. ಅದರ ಪ್ರತಿಫಲ ಶೇ 12. ಅಪಾಯ ಬೇಕಾದರೆ ಷೇರಿನ ಪಾಲು 0.6 × 20 = 12, ಚಿನ್ನದ ಪಾಲು 0.4 × 15 = 6, ಇವುಗಳ ವರ್ಗಗಳನ್ನು ಕೂಡಿದರೆ 180, ಅದರ ವರ್ಗಮೂಲ 13.4. ಗೆರೆಯ ಏರು 6 ÷ 13.4, ಅಂದರೆ 0.447. ಬಂಡವಾಳ ಹಂಚಿಕೆ ರೇಖೆಯ ಸೂತ್ರ ಇಷ್ಟೇ:

ಪ್ರತಿಫಲ = 6 + 0.447 × ಅಪಾಯ

ಉತ್ತರ ಸರಿಯೇ ಎಂದು ನೋಡಲು ಒಂದು ಪರೀಕ್ಷೆಯಿದೆ. ಮಿಶ್ರಣದ ಅಪಾಯಕ್ಕೆ ಷೇರು ಕೂಡಿಸುವ ಭಾರ 0.6 × 400 = 240, ಚಿನ್ನ ಕೂಡಿಸುವ ಭಾರ 0.4 × 225 = 90. ಹೆಚ್ಚುವರಿ ಪ್ರತಿಫಲವನ್ನು ಈ ಭಾರದಿಂದ ಭಾಗಿಸಿದರೆ 8 ÷ 240 ಮತ್ತು 3 ÷ 90, ಎರಡೂ ಮೂವತ್ತರಲ್ಲೊಂದು ಭಾಗ. ಎರಡೂ ಸಮವಾದ್ದರಿಂದ ಒಂದರಿಂದ ಇನ್ನೊಂದಕ್ಕೆ ಹಣ ಸರಿಸಿ ಗಳಿಸುವಂಥದ್ದು ಏನೂ ಉಳಿದಿಲ್ಲ. ಒಂದು ಕಡೆ ಹೆಚ್ಚಿದ್ದಿದ್ದರೆ ಅಲ್ಲಿಗೆ ಇನ್ನಷ್ಟು ಹಣ ಹೋಗಬೇಕಿತ್ತು.

ಹತ್ತು ಲಕ್ಷ ರೂಪಾಯಿ ಇರುವ, ಹೆಚ್ಚು ಏರಿಳಿತ ಬೇಡವೆನ್ನುವ ಹೂಡಿಕೆದಾರರೊಬ್ಬರು ಐದು ಲಕ್ಷವನ್ನು ಹುಂಡಿಯಲ್ಲಿಟ್ಟು, ಉಳಿದ ಐದರಲ್ಲಿ ಮೂರು ಲಕ್ಷ ಷೇರಿಗೆ, ಎರಡು ಲಕ್ಷ ಚಿನ್ನಕ್ಕೆ ಹಾಕುತ್ತಾರೆ ಎಂದುಕೊಳ್ಳೋಣ. ಹುಂಡಿಯಿಂದ 30,000, ಷೇರಿನಿಂದ 42,000, ಚಿನ್ನದಿಂದ 18,000, ಒಟ್ಟು ನಿರೀಕ್ಷೆ 90,000 ರೂಪಾಯಿ, ಅಂದರೆ ಶೇ 9. ಅಪಾಯ ಶೇ 6.7. ಇಡೀ ಹತ್ತು ಲಕ್ಷವನ್ನು ಚಿನ್ನದಲ್ಲೇ ಇಟ್ಟಿದ್ದರೂ ನಿರೀಕ್ಷೆ ಇದೇ ಶೇ 9, ಆದರೆ ಅಪಾಯ ಶೇ 15. ಏರಿಳಿತಕ್ಕೆ ಹೆದರಿ ಎಲ್ಲವನ್ನೂ ಚಿನ್ನಕ್ಕೆ ಸುರಿಯುವವರು ಇಲ್ಲಿ ಎರಡು ಪಟ್ಟಿಗೂ ಮೀರಿದ ಏರಿಳಿತವನ್ನು ಸುಮ್ಮನೆ ಹೊತ್ತಂತಾಯಿತು. ಹೆಚ್ಚು ಧೈರ್ಯವಿರುವ ಇನ್ನೊಬ್ಬರು ಹುಂಡಿಯಲ್ಲಿ ಎರಡೇ ಲಕ್ಷ ಇಟ್ಟುಕೊಳ್ಳಬಹುದು. ಉಳಿದ ಎಂಟು ಲಕ್ಷ ಅವರಲ್ಲೂ ಅದೇ 60-40ರಂತೆ ಹಂಚಿಕೆಯಾಗುತ್ತದೆ.

ಸ್ಪರ್ಶಕ ಬಿಂದುವಿನಿಂದ ಬಲಕ್ಕೆ ಗೆರೆ ಮುಂದುವರಿಯಬೇಕಾದರೆ ಶೇ 6ಕ್ಕೇ ಸಾಲ ಪಡೆದು ಮಿಶ್ರಣದಲ್ಲಿ ತೊಡಗಿಸಬೇಕು. ಸರ್ಕಾರಕ್ಕೆ ಸಿಗುವ ದರದಲ್ಲಿ ಸಾಮಾನ್ಯರಿಗೆ ಸಾಲ ಸಿಗುವುದಿಲ್ಲ. ಸಾಲದ ಬಡ್ಡಿ ಶೇ 10 ಎಂದಾದರೆ ಶೇ 9 ತರುವ ಚಿನ್ನಕ್ಕಾಗಿ ಸಾಲ ಮಾಡುವುದರಲ್ಲಿ ಅರ್ಥವಿಲ್ಲ. ಹಾಗಾಗಿ ಹೆಚ್ಚು ಪ್ರತಿಫಲ ಬೇಕಾದವರು ಅಲ್ಲಿಂದ ಗೆರೆ ಬಿಟ್ಟು ವಕ್ರರೇಖೆಯ ಮೇಲೆಯೇ, ಅಂದರೆ ಷೇರಿನ ಪಾಲನ್ನು ಹೆಚ್ಚಿಸುತ್ತಾ, ಸಾಗಬೇಕಾಗುತ್ತದೆ. ಎಲ್ಲರಿಗೂ ಒಂದೇ ಮಿಶ್ರಣ ಎಂಬ ಮಾತು ಸ್ಪರ್ಶಕ ಬಿಂದುವಿನ ಎಡಕ್ಕೆ ಮಾತ್ರ ನಿಜ.

ಈ ವಿಧಾನದ ನಿಜವಾದ ತೊಡಕು ಗಣಿತದಲ್ಲಿಲ್ಲ, ಅದಕ್ಕೆ ಉಣಿಸುವ ಅಂಕಿಗಳಲ್ಲಿದೆ. ಸರಾಸರಿ ಪ್ರತಿಫಲವನ್ನು ಹಳೆಯ ದಾಖಲೆಯಿಂದ ಅಂದಾಜಿಸುವಾಗ ಆಗುವ ಮಾನಕ ದೋಷವೆಂದರೆ ವಿಚಲನೆಯನ್ನು ವರ್ಷಗಳ ವರ್ಗಮೂಲದಿಂದ ಭಾಗಿಸಿದಷ್ಟು. 25 ವರ್ಷದ ಷೇರು ದಾಖಲೆಯಿದ್ದರೆ ಅದು 20 ÷ 5, ಅಂದರೆ 4. ಶೇ 8 ಎಂದು ನಂಬಿದ ಹೆಚ್ಚುವರಿ ಪ್ರತಿಫಲ ನಿಜದಲ್ಲಿ 4 ಇರಬಹುದು, 12ಕ್ಕೂ ಹೋಗಬಹುದು. ದಿನದಿನದ ಬೆಲೆಗಳನ್ನು ತುಂಬಿಕೊಂಡರೂ ಈ ದೋಷ ಕರಗುವುದಿಲ್ಲ; ಅದಕ್ಕೆ ವರ್ಷಗಳೇ ಬೇಕು. ಷೇರಿನ ಹೆಚ್ಚುವರಿ ಪ್ರತಿಫಲವನ್ನು 8ರ ಬದಲು 5 ಎಂದು ಹಾಕಿದರೆ ಷೇರಿನ ಪಾಲು ಶೇ 60ರಿಂದ ಸುಮಾರು ಶೇ 48ಕ್ಕೆ ಕುಸಿಯುತ್ತದೆ.

ಅಷ್ಟಾದರೂ ಇಲ್ಲಿ ಒಂದು ಸಮಾಧಾನವಿದೆ. ಮೂಲ ಅಂಕಿಗಳೇ ನಿಜವಾಗಿದ್ದು ಹೂಡಿಕೆದಾರರು ತಪ್ಪಿ 50-50 ಎಂದು ಹಂಚಿದರೂ ಏರು 0.44, 70-30 ಎಂದರೂ 0.44. ಶಿಖರದ ಆಸುಪಾಸು ಚಪ್ಪಟೆಯಾಗಿರುವುದರಿಂದ ಪ್ರಮಾಣದಲ್ಲಿ ಆಗುವ ಸಣ್ಣ ತಪ್ಪಿಗೆ ತೆರುವ ಬೆಲೆ ಅತ್ಯಲ್ಪ.

ಬಹುತೇಕ ಒಟ್ಟೊಟ್ಟಿಗೆ ಏರಿಳಿಯುವ ಹೂಡಿಕೆಗಳು ಸೇರಿಕೊಂಡಾಗ ಮಾತ್ರ ಲೆಕ್ಕ ಹಳಿ ತಪ್ಪುತ್ತದೆ. ತಲಾ ಶೇ 20 ವಿಚಲನೆಯ, 0.95 ಸಹಸಂಬಂಧದ ಎರಡು ಷೇರು ನಿಧಿಗಳಿವೆ ಎನ್ನೋಣ. ಸಹಸಂಬಂಧ ಸೊನ್ನೆಯಲ್ಲದ್ದರಿಂದ ಇಲ್ಲಿ ಅದನ್ನೂ ಸೇರಿಸಿಕೊಳ್ಳುವ ಪೂರ್ಣ ಸೂತ್ರ ಬೇಕು. ಒಂದರ ಹೆಚ್ಚುವರಿ ಪ್ರತಿಫಲ 8, ಇನ್ನೊಂದರದು 7 ಎಂದು ಹಾಕಿದರೆ ಸೂತ್ರ ಹೇಳುವುದು: ಮೊದಲನೆಯದರಲ್ಲಿ ಶೇ 180 ಹಾಕಿ, ಅದಕ್ಕಾಗಿ ಎರಡನೆಯದನ್ನು ಶೇ 80ರಷ್ಟು ಎರವಲು ಪಡೆದು ಮಾರಿ. ಎರಡಕ್ಕೂ 8 ಎಂದೇ ಹಾಕಿದರೆ ತಲಾ ಶೇ 50. ಯಾರಿಗೂ ಖಚಿತವಾಗಿ ಗೊತ್ತಿರದ ಒಂದು ಅಂಶದ ವ್ಯತ್ಯಾಸ ಉತ್ತರವನ್ನು ಇಷ್ಟು ದೂರ ಒಯ್ಯುತ್ತದೆ. ರಿಚರ್ಡ್ ಮಿಶೋ 1989ರಲ್ಲೇ ಈ ದೋಷವನ್ನು ಎತ್ತಿ ತೋರಿಸಿದ್ದರು.

ಆದ್ದರಿಂದ ಯಾವ ತಂತ್ರಾಂಶವೇ ಆಗಲಿ ಋಣ ಪ್ರಮಾಣವನ್ನೋ ನೂರು ದಾಟಿದ ಪ್ರಮಾಣವನ್ನೋ ಕೊಟ್ಟರೆ ಅದನ್ನು ಹೊಸ ಅವಕಾಶವೆಂದು ತಿಳಿಯಬಾರದು. ಒಂದೇ ಬಗೆಯ ನಿಧಿಗಳನ್ನು ಒಂದಾಗಿ ಹಿಡಿದು, ಪ್ರತಿಫಲದ ಅಂದಾಜನ್ನು ಒಂದೆರಡು ಅಂಶ ಮೇಲೆ ಕೆಳಗೆ ಮಾಡಿ ಮತ್ತೆ ಲೆಕ್ಕ ಹಾಕಬೇಕು. ಹಾಗೆ ಮಾಡಿದಾಗಲೂ ಹೆಚ್ಚು ಕದಲದೆ ನಿಲ್ಲುವ ಪ್ರಮಾಣಕ್ಕೆ ಮಾತ್ರ ಹಣ ಒಪ್ಪಿಸಬಹುದು.