ಐದು ಮಿಲಿಮೀಟರಿನ ಲೆಕ್ಕ

ಎಡಪ್ಪಳ್ಳಿ ತೋಡಿನ ಹತ್ತಿರ ಒಂದಂತಸ್ತಿನ ಮನೆಯೊಂದು ಏಳುತ್ತಿದೆ. ಅಲ್ಲಿನ ಹಿರಿಯ ಮೇಸ್ತ್ರಿ ಮಂಜೇಶ್ವರ ಕಡೆಯವರು, ಕನ್ನಡ ಮನೆಮಾತಿನವರು. ಕಾಂಕ್ರೀಟು ತರಿಸುವ ಹಿಂದಿನ ದಿನ ಸೆಂಟ್ರಿಂಗ್ ಹಲಗೆಯ ಮೇಲೆ ಆಚೆಯಿಂದ ಈಚೆಗೆ ನೂಲು ಬಿಗಿದು, ಅಲ್ಲಲ್ಲಿ ಟೇಪು ಇಳಿಸಿ ನೋಡುತ್ತಾರೆ. ಅವರನ್ನು ಕಾಣಲೆಂದೇ ನಾನು ಹೋಗಿದ್ದು. "ವೇಸ್ಟೇಜ್ ಎಂದರೆ ಕೆಳಗೆ ಚೆಲ್ಲಿದ್ದಲ್ಲ ಮಾರಾಯ್ರೇ, ಒಳಗೇ ಕೂತದ್ದು" ಎಂದರು.

ಆ ಮಾತಿನ ಅರ್ಥ ಅಂಕಿಯಲ್ಲಿದೆ. ಚಾವಣಿ 9 ಮೀಟರ್ ಉದ್ದ, 7 ಮೀಟರ್ ಅಗಲ, 12 ಸೆಂಟಿಮೀಟರ್ ದಪ್ಪ. ಗುಣಿಸಿದರೆ 7.56 ಘನ ಮೀಟರ್. ಹಲಗೆ ಒಟ್ಟಾರೆ ಐದೇ ಮಿಲಿಮೀಟರ್ ತಗ್ಗಿದರೆ 63 ಚದರ ಮೀಟರಿಗೆ 0.315 ಘನ ಮೀಟರ್ ಹೆಚ್ಚು ಬೇಕು. ಅದೇ ನೂರಕ್ಕೆ ನಾಲ್ಕಕ್ಕಿಂತ ಮೇಲಾಯಿತು. ನೂಲಿನಲ್ಲಿ ತಗ್ಗು ಕಂಡರೆ ಮೇಸ್ತ್ರಿ ಮೊದಲು ಆಸರೆಯ ಕಂಬಗಳಿಗೆ ಬೆಣೆ ಬಡಿಸುತ್ತಾರೆ. ಸರಿಹೋಗದೆ ಉಳಿದದ್ದನ್ನು ಮಾತ್ರ ಲೆಕ್ಕಕ್ಕೆ ಸೇರಿಸುತ್ತಾರೆ.

ಚಾವಣಿಯ ಜೊತೆಗೇ ಬೀಮುಗಳೂ ಬೀಳುತ್ತವೆ. ಇಲ್ಲಿ 23 ಸೆಂಟಿಮೀಟರ್ ಅಗಲದ ಬೀಮುಗಳು, ಕೂಡುವ ಜಾಗಗಳನ್ನು ಒಮ್ಮೆ ಮಾತ್ರ ಎಣಿಸಿದರೆ ಸುಮಾರು 46 ಮೀಟರ್. ಬೀಮಿನ ಆಳವನ್ನು ಚಾವಣಿಯ ಕೆಳಮೈಯಿಂದ ಅಳೆಯಬೇಕು. ಇಲ್ಲಿ ಅದು 30 ಸೆಂಟಿಮೀಟರ್, ಹಾಗಾಗಿ 3.17 ಘನ ಮೀಟರ್. ಮೇಲ್ಮೈಯಿಂದ ಅಳೆದರೆ ಚಾವಣಿಯ ದಪ್ಪ ಎರಡು ಸಲ ಲೆಕ್ಕಕ್ಕೆ ಬಂದು ಒಂದೂಕಾಲು ಘನ ಮೀಟರ್ ಸುಮ್ಮನೆ ಏರುತ್ತದೆ. ಕಬ್ಬಿಣದ ಗಾತ್ರವನ್ನು ಯಾರೂ ಕಳೆಯುವುದಿಲ್ಲ. ಅಳತೆಯ ನಿಯಮವೂ ಅದೇ.

ಪಾಯದ ಕೆಲಸ ಮಳೆಗೆ ಮುಂಚೆಯೇ ಮುಗಿದಿತ್ತು. ಅದರ ಲೆಕ್ಕವನ್ನು ಅವರ ಪುಸ್ತಕದಲ್ಲಿ ನೋಡಿದೆ. ಒಂಬತ್ತು ಫುಟಿಂಗ್, ಪ್ರತಿಯೊಂದೂ 1.2 ಮೀಟರ್ ಚೌಕ. ಕೆಳಗಿನ 15 ಸೆಂಟಿಮೀಟರ್ ನೇರ, ಮೇಲಿನ 25 ಸೆಂಟಿಮೀಟರ್ ಇಳಿಜಾರಾಗಿ 40 ಸೆಂಟಿಮೀಟರ್ ಚೌಕಕ್ಕೆ ಸಣ್ಣದಾಗುತ್ತದೆ. ನೇರ ಭಾಗ 0.216. ಇಳಿಜಾರಿಗೆ ಕೆಳಗಿನ ಮತ್ತು ಮೇಲಿನ ವಿಸ್ತೀರ್ಣ, ಅವೆರಡರ ಗುಣಲಬ್ಧದ ವರ್ಗಮೂಲ, ಮೂರನ್ನೂ ಕೂಡಿ ಎತ್ತರದ ಮೂರನೇ ಒಂದಂಶದಿಂದ ಗುಣಿಸಬೇಕು:

0.25 ÷ 3 × (1.44 + 0.16 + 0.48) = 0.173

ಒಟ್ಟು 0.389, ಒಂಬತ್ತಕ್ಕೆ 3.5 ಘನ ಮೀಟರ್. ಇಡೀ ಫುಟಿಂಗನ್ನು ಪೆಟ್ಟಿಗೆಯೆಂದೇ ಎಣಿಸುವವರಿಗೆ 5.18 ಬರುತ್ತದೆ.

ಎಡಪ್ಪಳ್ಳಿಯ ತಗ್ಗು ನೆಲದಲ್ಲಿ ಸ್ವಲ್ಪ ಅಗೆದರೆ ನೀರು, ಗುಂಡಿಯ ಅಂಚು ಕುಸಿಯುತ್ತದೆ. ಹಲಗೆ ಕಟ್ಟದೆ ಮಣ್ಣಿಗೇ ತಾಗಿಸಿ ಸುರಿದಾಗ ನಾಲ್ಕೂ ಬದಿ ಐದೈದು ಸೆಂಟಿಮೀಟರ್ ಹಿಗ್ಗಿದರೆ ಒಂಬತ್ತರಲ್ಲಿ 0.34 ಘನ ಮೀಟರ್ ಹೋಯಿತು. ಪಾಯಕ್ಕೆ ನೂರಕ್ಕೆ ಹತ್ತು, ಚಾವಣಿಗೆ ಐದು ಎಂದು ಅವರು ಹೇಳುವುದು ಇಂಥ ಅಳತೆಗಳಿಂದ. ಗಟ್ಟಿ ಜಂಬಿಟ್ಟಿಗೆ ನೆಲದಲ್ಲಿ ಅಂಚು ನೇರ ನಿಂತರೆ ಪಾಯಕ್ಕೂ ಐದು ಸಾಕು.

ರೆಡಿಮಿಕ್ಸ್ ತರಿಸುವವರು ಬೇರೊಂದು ಕಡೆ ಎಡವುತ್ತಾರೆ. ಒಣ ಸಾಮಗ್ರಿಗೆ 1.54ರಿಂದ ಗುಣಿಸುವ ರೂಢಿ ಉಂಟಲ್ಲ, ಅದು ಸೈಟಿನಲ್ಲೇ ಸಿಮೆಂಟು, ಮರಳು, ಜಲ್ಲಿ ಕಲಸುವವರಿಗೆ: ನೀರು ಬಿದ್ದು ಕಾಳುಗಳ ನಡುವಿನ ಸಂದು ತುಂಬಿದಾಗ ಗಾತ್ರ ಕುಗ್ಗುತ್ತದೆ. ಲಾರಿಯಲ್ಲಿ ಬರುವುದು ಕಲಸಿದ ಗಾತ್ರವೇ. ಅದನ್ನೂ 1.54ರಿಂದ ಗುಣಿಸಿ ಹೇಳಿದರೆ ಬೇಕಾದುದರ ಅರ್ಧ ಪಾಲಿಗಿಂತ ಹೆಚ್ಚು ಉಳಿಯುತ್ತದೆ.

ಚಾವಣಿ, ಬೀಮು ಸೇರಿ 10.73. ತಗ್ಗಿಗೆ 0.315. ಪಂಪಿನ 125 ಮಿಲಿಮೀಟರ್ ಕೊಳವೆ 30 ಮೀಟರ್ ಇದ್ದರೆ ಅದರೊಳಗೇ 0.37 ನಿಲ್ಲುತ್ತದೆ. ಎಲ್ಲ ಸೇರಿ 11.42. ಮೇಸ್ತ್ರಿ 12 ಹೇಳುತ್ತಾರೆ, ಆದರೆ ಒಟ್ಟಿಗಲ್ಲ. ಮೊದಲ ಲಾರಿಗೆ ಆರು. ಅದು ಅರ್ಧ ಖಾಲಿಯಾಗುವಾಗ ಬಿದ್ದಷ್ಟರ ದಪ್ಪ, ಉಳಿದ ಜಾಗ ಅಳೆದು ಎರಡನೆಯದಕ್ಕೆ ಫೋನು. ತಡವಾದರೆ ಹಳೆಯ ಕಾಂಕ್ರೀಟು ಬಿಗಿದು, ಹೊಸದು ಅದಕ್ಕೆ ಬೆಸೆಯದೆ ಮಳೆನೀರು ಇಳಿಯಲು ದಾರಿಯಾಗುತ್ತದೆ.

ಕಾಂಕ್ರೀಟು ಕಡಿಮೆ ಮಾಡುವ ಇನ್ನೊಂದು ದಾರಿಯನ್ನು ಅವರು ತಿರುವನಂತಪುರದಲ್ಲಿ ಕಂಡಿದ್ದರಂತೆ. ವಾಸ್ತುಶಿಲ್ಪಿ ಲಾರಿ ಬೇಕರ್ ಚಾವಣಿಯ ಕೆಳಭಾಗದಲ್ಲಿ, ಕಬ್ಬಿಣದ ಚೌಕಗಳ ನಡುವೆ ಮಂಗಳೂರು ಹೆಂಚು ಇಡಿಸುತ್ತಿದ್ದರು. ಅಲ್ಲಿನ ಕಾಂಕ್ರೀಟು ಭಾರ ಹೊರುವುದಕ್ಕಿಂತ ಭಾರವಾಗಿಯೇ ಇರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಶುರು ಮಾಡಿದ ಕಾರ್ಖಾನೆಯ ಕುಲದ ಹೆಂಚು ಅದು. ಅಂಥ ಚಾವಣಿಗೆ ಹೆಂಚುಗಳ ಗಾತ್ರ ಕಳೆದೇ ಕಾಂಕ್ರೀಟು ಹೇಳಬೇಕು. ಈಗ ಅದನ್ನು ಕೇಳುವ ಮನೆಯವರು ಅಪರೂಪ ಎಂದು ಅವರಿಗೆ ಬೇಸರ.

ಉಳಿಯುವ ಅರ್ಧ ಘನ ಮೀಟರಿಗೂ ಅವರಲ್ಲಿ ಜಾಗ ಇದೆ. ಚರಂಡಿಗೆ ಮುಚ್ಚುವ ಚಪ್ಪಡಿಗಳಿಗೆ ಮರದ ಚೌಕಟ್ಟುಗಳನ್ನು ಮೊದಲೇ ಎಣ್ಣೆ ಸವರಿ, ತಂತಿ ಹಾಕಿ ಜೋಡಿಸಿಟ್ಟಿರುತ್ತಾರೆ. ಈಗ ಚಪ್ಪಡಿ ಸಿದ್ಧವಾಗಿಯೇ ಸಿಗುವುದರಿಂದ ಬೇರೆ ಸೈಟುಗಳಲ್ಲಿ ಚೌಕಟ್ಟು ಕಾಣುವುದಿಲ್ಲ; ಉಳಿದದ್ದು ಹಿತ್ತಲಿನಲ್ಲಿ ಗಡ್ಡೆಗಟ್ಟುತ್ತದೆ. ಅವರ ಜೊತೆಯ ಹುಡುಗರು ಚದರಡಿಗೆ ಇಷ್ಟು ಎಂದು ಫೋನಿನಲ್ಲೇ ಹೇಳಿ ಮುಗಿಸುತ್ತಾರೆ. ನೂಲು ಹಿಡಿಯಲು ಇನ್ನೊಂದು ತುದಿಗೆ ಆಳು ಬೇಕಾದಾಗ ಮೇಸ್ತ್ರಿ ಮನೆಯ ಯಜಮಾನರನ್ನೇ ಕರೆಯುತ್ತಾರೆ.