ನೀರು ಚೆಲ್ಲಿದರೂ ಹೋಗದ ಮೊಟ್ಟೆ

ಕಲಬುರಗಿಯಲ್ಲಿ ನಮ್ಮಕ್ಕನ ಓಣಿಗೆ ಮೂರು ದಿನಕ್ಕೊಮ್ಮೆ ನಲ್ಲಿ ನೀರು ಬರುತ್ತದೆ. ಹೋದ ವರ್ಷ ಮಳೆ ಶುರುವಾದ ಎರಡೇ ವಾರಕ್ಕೆ ಅವಳ ಮೊಮ್ಮಗನಿಗೆ ಡೆಂಗಿ ಆಯಿತು. ಐದು ದಿನ ಆಸ್ಪತ್ರೆಯಲ್ಲಿದ್ದು ಮಗು ಮನೆಗೆ ಬಂದ ಮೇಲೆ ನಾನು ನೋಡಲು ಹೋದೆ. ಸೊಳ್ಳೆಯ ಹುಳ ಹುಡುಕುತ್ತ ವರ್ಷಗಟ್ಟಲೆ ಮನೆಮನೆ ತಿರುಗಿದವನು ನಾನು. ಬ್ಯಾಗು ಇಳಿಸುವ ಮೊದಲೇ ಕೈ ಟಾರ್ಚಿಗೆ ಹೋಯಿತು. ಅಕ್ಕನಿಗೆ ಅದು ಸರಿಬರಲಿಲ್ಲ.

"ತಮ್ಮಾ, ಮೂರು ದಿನಕ್ಕೊಮ್ಮೆ ಹೊಸ ನೀರು ತುಂಬತೀವಿ. ಕೂಲರಿಗೆ ದಿನಾ ಕೊಡಗಟ್ಟಲೆ ಸುರೀತೀವಿ. ನಿಂತ ನೀರು ಅಂತ ನಮ್ಮನ್ಯಾಗ ಎಲ್ಲದ?"

ಅವಳು ಹೇಳಿದ್ದು ಸುಳ್ಳಲ್ಲ. ಅಂಗಳ ಒಣಗಿತ್ತು, ಪಾತ್ರೆಗಳೆಲ್ಲ ಬೋರಲು ಹಾಕಿದ್ದವು. ಆದರೂ ಹಿತ್ತಲಿನ ಎರಡನೆಯ ಡ್ರಮ್ಮಿನೊಳಗೆ ಬೆಳಕು ಬಿಟ್ಟಾಗ, ನೀರಿನ ಮೇಲ್ಮೈಗೆ ತಲೆಕೆಳಗಾಗಿ ಜೋತುಬಿದ್ದಿದ್ದ ಹುಳಗಳು ಒಟ್ಟಿಗೇ ಬಳುಕುತ್ತ ತಳಕ್ಕೆ ಇಳಿದವು. ನೂರಕ್ಕೆ ಕಡಿಮೆ ಇರಲಿಲ್ಲ.

ಇದು ಹೇಗಾಯಿತು ಎಂದು ತಿಳಿಯಬೇಕಾದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಎಲ್ಲಿಡುತ್ತದೆ ಎಂಬುದನ್ನು ನೋಡಬೇಕು. ನೀರಿನ ಮೇಲೆ ಇಡುತ್ತದೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಚರಂಡಿಯ ಕ್ಯೂಲೆಕ್ಸ್ ಸೊಳ್ಳೆಯ ಮಟ್ಟಿಗೆ ಅದು ನಿಜ. ಅದರ ಮೊಟ್ಟೆಗಳು ಒಂದಕ್ಕೊಂದು ಅಂಟಿಕೊಂಡು ಪುಟ್ಟ ತೆಪ್ಪದ ಹಾಗೆ ನೀರಿನ ಮೇಲೆ ತೇಲುತ್ತವೆ. ಕಾಲ ಮೇಲೆ ಬಿಳಿ ಪಟ್ಟೆಯಿರುವ, ಹಗಲಲ್ಲಿ ಕಚ್ಚುವ ಈಡಿಸ್ ಹಾಗಲ್ಲ. ಅದು ಪಾತ್ರೆಯ ಒಳಗೋಡೆಯಲ್ಲಿ, ನೀರಿನ ಮಟ್ಟಕ್ಕಿಂತ ತುಸು ಮೇಲೆ, ತೇವವಿರುವ ಪಟ್ಟಿಯಲ್ಲಿ ಮೊಟ್ಟೆಗಳನ್ನು ಒಂದೊಂದಾಗಿ ಅಂಟಿಸುತ್ತದೆ. ಒಂದು ಸಲ ರಕ್ತ ಹೀರಿದರೆ ನೂರರ ಆಸುಪಾಸು ಮೊಟ್ಟೆ. ಅಷ್ಟನ್ನೂ ಒಂದೇ ಕಡೆ ಇಡುವುದೂ ಇಲ್ಲ. ಇಲ್ಲಿ ಇಪ್ಪತ್ತು, ಅಲ್ಲಿ ಹದಿನೈದು ಎಂದು ಡ್ರಮ್ಮು, ಕೂಲರು, ಹೂಕುಂಡದ ತಟ್ಟೆಗಳಿಗೆ ಹಂಚಿಬಿಡುತ್ತದೆ. ಒಂದೊಂದು ಮೊಟ್ಟೆಯೂ ಒಂದು ಮಿಲಿಮೀಟರಿಗಿಂತ ಚಿಕ್ಕದು, ಬಣ್ಣ ಕಪ್ಪು. ಕಣ್ಣಿಗೆ ಬಿದ್ದರೂ ಮಸಿಯ ಚುಕ್ಕೆ ಎಂದುಕೊಂಡು ಸುಮ್ಮನಾಗುತ್ತೇವೆ.

ಡ್ರಮ್ಮಿನ ನೀರು ಖಾಲಿಯಾದಾಗ ಈ ಮೊಟ್ಟೆಗಳು ನೀರಿನ ಜೊತೆ ಹೋಗುವುದಿಲ್ಲ. ಗೋಡೆಗೆ ಅಂಟಿಕೊಂಡೇ ಒಣಗುತ್ತವೆ, ಆದರೆ ಸಾಯುವುದಿಲ್ಲ. ಮೊಟ್ಟೆಯೊಳಗಿನ ಹುಳ ಅಷ್ಟರಲ್ಲಾಗಲೇ ಬೆಳೆದಿದ್ದರೆ ಒಣಗಿದ ಸ್ಥಿತಿಯಲ್ಲೇ ಆರು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಕಾಯಬಲ್ಲದು. ಮತ್ತೆ ನೀರು ಏರಿ ಮೊಟ್ಟೆ ಮುಳುಗಿದರೆ ಒಡೆದು ಹುಳ ಹೊರಬರುತ್ತದೆ. ಎಲ್ಲ ಮೊಟ್ಟೆಗಳೂ ಮೊದಲ ಸಲಕ್ಕೇ ಒಡೆಯುವುದಿಲ್ಲ. ಕೆಲವು ಎರಡನೆಯ, ಮೂರನೆಯ ಸಲದ ನೀರಿಗೆ ಕಾಯುತ್ತವೆ. ಅಂದರೆ ಬರಿದಾದ ಪಾತ್ರೆಯನ್ನು ಉಜ್ಜದೆ ತುಂಬಿದಾಗಲೆಲ್ಲ ಸೊಳ್ಳೆಗೆ ಬೇಕಾದದ್ದನ್ನು ನಾವೇ ಮಾಡಿಕೊಟ್ಟಂತಾಗುತ್ತದೆ. ಅಕ್ಕ ಶ್ರದ್ಧೆಯಿಂದ ಮಾಡುತ್ತಿದ್ದುದು ಇದನ್ನೇ.

ನೀರಿಗೆ ಬಿದ್ದ ಹುಳ ಬೇಸಿಗೆಯ ಬಿಸಿಯಲ್ಲಿ ಐದಾರು ದಿನ ತಿಂದು ಬೆಳೆಯುತ್ತದೆ. ಆಮೇಲೆ ಅಲ್ಪವಿರಾಮದ ಗುರುತಿನಂತೆ ಬಾಗಿದ ಕೋಶವಾಗಿ ಎರಡು ದಿನ ಏನೂ ತಿನ್ನದೆ ತೇಲುತ್ತದೆ. ಅದನ್ನು ಸೀಳಿಕೊಂಡು ಸೊಳ್ಳೆ ಹಾರುತ್ತದೆ. ಒಟ್ಟು ಏಳರಿಂದ ಹತ್ತು ದಿನ, ಚಳಿಯಲ್ಲಿ ಇನ್ನೂ ಹೆಚ್ಚು. ವಾರಕ್ಕೊಮ್ಮೆ ಒಣದಿನ ಮಾಡಿ ಎಂದು ಆಶಾ ಕಾರ್ಯಕರ್ತೆಯರು ಹೇಳುವುದು ಈ ಲೆಕ್ಕದ ಮೇಲೆಯೇ. ನೀರಿನಲ್ಲಿ ಬಾಗಿದ ಕೋಶಗಳು ಕಂಡವೆಂದರೆ ಭಾನುವಾರ ನೋಡೋಣ ಎನ್ನುವಂತಿಲ್ಲ, ಅಂದೇ ಚೆಲ್ಲಬೇಕು. ಚೆಲ್ಲುವುದು ಒಣನೆಲದ ಮೇಲೆ. ನೀರು ನಿಂತ ಮೋರಿಗೆ ಸುರಿದರೆ ಅವು ಅಲ್ಲೇ ಬದುಕಿ ಹಾರಿಹೋಗಬಹುದು.

ಹಾಗಾದರೆ ಮೂರು ದಿನಕ್ಕೊಮ್ಮೆ ತುಂಬುವ ಡ್ರಮ್ಮಿನಲ್ಲಿ ಏಳು ದಿನದ ಹುಳ ಹೇಗೆ ಬಂತು? ಅಕ್ಕನನ್ನೇ ಕೇಳುತ್ತ ಹೋದೆ. ಇನ್ನೂರು ಲೀಟರಿನ ಡ್ರಮ್ಮು ಎರಡಿವೆ. ಬಚ್ಚಲಿನ ಹತ್ತಿರ ಇರುವುದು ದಿನದ ಬಳಕೆಗೆ. ಹಿತ್ತಲಿನದು, ನಲ್ಲಿ ಬಾರದೆ ಹೋದರೆ ಇರಲಿ ಎಂದು ಎತ್ತಿಟ್ಟ ನೀರು. ನಲ್ಲಿ ಬಂದಾಗ ಮೊದಲನೆಯದು ತುಂಬುತ್ತದೆ. ಎರಡನೆಯದರಲ್ಲಿ ಒಂದೆರಡು ಬಕೆಟ್ ಕಡಿಮೆಯಾಗಿದ್ದರೆ ಅದರ ಮೇಲೇ ಹೊಸ ನೀರು ಬಿಡುತ್ತಾರೆ. ಮಾರ್ಚಿನಿಂದ ಆ ಡ್ರಮ್ಮಿನ ತಳ ಯಾರೂ ಕಂಡಿರಲಿಲ್ಲ. ಬಕೆಟ್ ತೆಗೆದಾಗ ನೀರು ನಾಲ್ಕು ಬೆರಳು ಇಳಿದು, ಮೊಟ್ಟೆಯಿಡಲು ತೇವದ ಪಟ್ಟಿ ಸಿದ್ಧವಾಗುತ್ತಿತ್ತು. ನಲ್ಲಿ ಬಂದಾಗ ನಾಲ್ಕು ಬೆರಳು ಏರಿ ಆ ಮೊಟ್ಟೆಗಳು ಮುಳುಗುತ್ತಿದ್ದವು. ನೀರಿಗೆ ಬರವಿರುವ ಊರುಗಳಲ್ಲಿ ನಾನು ಕಂಡಿರುವುದು ಇದನ್ನೇ. ಕಷ್ಟಕಾಲಕ್ಕೆಂದು ಎತ್ತಿಟ್ಟ ಡ್ರಮ್ಮೇ ಸೊಳ್ಳೆಯ ತವರು.

ನೀರು ಎತ್ತಿಡಬೇಡಿ ಎಂದು ಅವಳಿಗೆ ಹೇಳುವುದು ಅನ್ಯಾಯ. ಡ್ರಮ್ಮುಗಳ ಸರದಿಯನ್ನಷ್ಟೇ ಬದಲಿಸಿದೆವು. ಈಗ ಎರಡಕ್ಕೂ ಸರದಿ ಉಂಟು. ನಲ್ಲಿ ಬಂದ ದಿನ ಒಂದೇ ಡ್ರಮ್ಮು ತುಂಬಿ ಮುಚ್ಚಿಡುತ್ತಾರೆ. ಮುಂದಿನ ಮೂರು ದಿನ ಇನ್ನೊಂದರ ಹಳೆಯ ನೀರನ್ನು ಬಳಸಿ ಮುಗಿಸುತ್ತಾರೆ. ನಾಲ್ಕನೆಯ ದಿನ ನಲ್ಲಿ ಬರುವ ಮೊದಲು ಆ ಖಾಲಿ ಡ್ರಮ್ಮನ್ನು ಉಜ್ಜಿ ತುಂಬುತ್ತಾರೆ, ಮುಚ್ಚಿಟ್ಟ ಡ್ರಮ್ಮು ಬಳಕೆಗೆ ಬರುತ್ತದೆ. ಹೀಗೆ ಯಾವ ಡ್ರಮ್ಮಿನ ನೀರೂ ಆರು ದಿನ ದಾಟುವುದಿಲ್ಲ, ಎತ್ತಿಟ್ಟ ನೀರೂ ಸದಾ ಇರುತ್ತದೆ. ತುಂಬಿದ ದಿನವನ್ನು ಡ್ರಮ್ಮಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ಮೊಮ್ಮಗನ ಕೆಲಸ.

ಎಂಟು ದಿನಕ್ಕೋ ಹತ್ತು ದಿನಕ್ಕೋ ನೀರು ಬರುವ ಊರಲ್ಲಿ ಈ ಸರದಿ ಸಾಲುವುದಿಲ್ಲ. ಅಲ್ಲಿ ಮುಚ್ಚುವುದೊಂದೇ ದಾರಿ, ಅದೂ ಸರಿಯಾಗಿ ಮುಚ್ಚುವುದು. ಮೇಲೆ ಹಲಗೆಯಿಟ್ಟರೆ ಸಂದಿ ಉಳಿಯುತ್ತದೆ, ಒಂದು ಬೆರಳಿನ ಸಂದಿ ಸೊಳ್ಳೆಗೆ ಹೆಬ್ಬಾಗಿಲು. ಹಳೆಯ ಪಂಚೆಯನ್ನು ಎರಡು ಮಡಿಕೆ ಮಾಡಿ ಬಾಯಿಗೆ ಬಿಗಿದು, ಸುತ್ತ ರಬ್ಬರ್ ಪಟ್ಟಿ ಅಥವಾ ಹುರಿ ಕಟ್ಟಬೇಕು. ಬಟ್ಟೆ ಜೋತುಬಿದ್ದು ನೀರಿಗೆ ತಾಗಬಾರದು, ಒದ್ದೆ ಬಟ್ಟೆಯ ಮೇಲೂ ಈಡಿಸ್ ಮೊಟ್ಟೆ ಇಡುತ್ತದೆ. ತಗ್ಗಿರುವ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಮಳೆನೀರು ನಿಂತರೆ ಮುಚ್ಚಳವೇ ಇನ್ನೊಂದು ತೊಟ್ಟಿ. ಸಾಧ್ಯವಿದ್ದರೆ ಡ್ರಮ್ಮಿನ ಕೆಳಗೆ ನಲ್ಲಿ ಕೂರಿಸಿಬಿಡಿ. ತಂಬಿಗೆ ಅದ್ದಲೆಂದು ದಿನಕ್ಕೆ ಹತ್ತು ಸಲ ಬಟ್ಟೆ ಬಿಚ್ಚುವ ಮನೆಯಲ್ಲಿ ಮೂರನೆಯ ದಿನಕ್ಕೆ ಆ ಬಟ್ಟೆ ಗೂಟಕ್ಕೆ ನೇತಾಡುತ್ತಿರುತ್ತದೆ.

ಉಜ್ಜುವುದಕ್ಕೂ ಒಂದು ಕ್ರಮವಿದೆ. ನೀರಿನ ಗೆರೆ ಎಲ್ಲಿತ್ತೋ ಅಲ್ಲಿಂದ ಮೇಲಕ್ಕೆ ಒಂದು ಗೇಣು, ಕೆಳಕ್ಕೆ ತಳದವರೆಗೆ ಗಟ್ಟಿ ಬ್ರಶ್ಶಿನಿಂದ ಒರಟಾಗಿ ತಿಕ್ಕಬೇಕು. ಬಟ್ಟೆಯಿಂದ ಒರೆಸಿದರೆ ಮೊಟ್ಟೆ ಏಳುವುದಿಲ್ಲ. ಮಧ್ಯ ಅಮೆರಿಕದ ಹೊಂಡುರಾಸ್ ದೇಶದಲ್ಲಿ ತೊಟ್ಟಿ ತೊಳೆಯುವ ಹೆಂಗಸರಿಗೆ ಒಂದು ಸುಲಭ ಉಪಾಯ ಕಲಿಸಿದ್ದರು. ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚ್ ದ್ರಾವಣಕ್ಕೆ ಸೋಪಿನ ಪುಡಿ ಕಲಸಿ ಒಳಗೋಡೆಗೆ ಬಳಿದು, ಹತ್ತು ನಿಮಿಷ ಬಿಟ್ಟು, ಆಮೇಲೆ ಉಜ್ಜಿ ತೊಳೆಯುವುದು. ಬ್ಲೀಚ್ ಮೊಟ್ಟೆಯನ್ನು ಕೊಲ್ಲುತ್ತದೆ, ಸೋಪು ಅದನ್ನು ಗೋಡೆಯಿಂದ ಜಾರದಂತೆ ಹಿಡಿದಿಡುತ್ತದೆ. ನಮ್ಮ ಅಡುಗೆಮನೆಗಳಲ್ಲೂ ಇದನ್ನು ಮಾಡಬಹುದು. ಆದರೆ ಬ್ಲೀಚಿಗೆ ಶೌಚಾಲಯ ತೊಳೆಯುವ ಆಸಿಡ್ ಮಾತ್ರ ಎಂದೂ ಬೆರೆಸಬೇಡಿ, ಏಳುವ ಹೊಗೆ ಉಸಿರು ಕಟ್ಟಿಸುತ್ತದೆ.

ಅಕ್ಕನ ಮನೆಯ ಕೂಲರ್ ನನಗೆ ಹೆಚ್ಚು ಚಿಂತೆ ತಂದಿತು. ಏಪ್ರಿಲ್, ಮೇ ತಿಂಗಳಲ್ಲಿ ಅದು ಹಗಲಿರುಳು ಓಡುತ್ತದೆ. ನೀರು ಅಲ್ಲಾಡುತ್ತಿದ್ದರೆ ಹುಳ ಹುಟ್ಟುವುದಿಲ್ಲ ಎಂದು ಅಕ್ಕ ನಂಬಿದ್ದಳು. ಪಂಪು ನೀರು ಎತ್ತುವಾಗಲೂ ಮೂಲೆಗಳಲ್ಲಿ ನೀರು ಶಾಂತವಾಗಿಯೇ ಇರುತ್ತದೆ. ಮಟ್ಟ ದಿನವೂ ಇಳಿದು ಏರುವುದರಿಂದ ತೇವದ ಪಟ್ಟಿ ಅಗಲವಾಗುತ್ತದೆ. ಜೂನಿನಲ್ಲಿ ಮೊದಲ ಮಳೆ ಬಿದ್ದು ಹವೆ ತಂಪಾದ ದಿನ ಕೂಲರ್ ನಿಲ್ಲಿಸುತ್ತಾರೆ, ನೀರನ್ನು ಮಾತ್ರ ತೆಗೆಯುವುದಿಲ್ಲ. ಮತ್ತೆ ಸೆಕೆಯಾದೀತು ಎಂಬ ಎಣಿಕೆಯಲ್ಲಿ ಎಂಟು ಹತ್ತು ದಿನ ಹಾಗೇ ಬಿಡುತ್ತಾರೆ. ಆ ಎಂಟು ಹತ್ತು ದಿನವೇ ಸೊಳ್ಳೆಗೆ ಬೇಕಾದ ಎಂಟು ಹತ್ತು ದಿನ. ಮಗುವಿಗೆ ಜ್ವರ ಬಂದದ್ದೂ ಅದರ ಬೆನ್ನಿಗೇ. ಕಚ್ಚಿದ್ದು ಡ್ರಮ್ಮಿನ ಸೊಳ್ಳೆಯೋ ಕೂಲರಿನದೋ, ಹೇಳಲು ಬಾರದು.

ಆಮೇಲೆ ಕೂಲರ್ ಬರಿದುಮಾಡಿ ಅಟ್ಟಕ್ಕೇರಿಸುತ್ತಾರೆ. ಕೆಳಗಿನ ತೂತು ಬಿಚ್ಚಿದರೂ ತಳದಲ್ಲಿ ಒಂದು ಬೆರಳು ನೀರು ಉಳಿಯುತ್ತದೆ, ಅದನ್ನು ಬಟ್ಟೆಯಿಂದ ಹೀರಿ ತೆಗೆಯಬೇಕು. ಗೋಡೆಗಂಟಿದ ಮೊಟ್ಟೆಗಳೂ ಅಟ್ಟ ಏರುತ್ತವೆ. ಮುಂದಿನ ಏಪ್ರಿಲಿಗೆ ಇಳಿಸಿ, ದೂಳು ಒರೆಸಿ ನೀರು ಸುರಿದರೆ ಹೊರಗಿನಿಂದ ಒಂದೂ ಸೊಳ್ಳೆ ಬರಬೇಕಿಲ್ಲ. ಆದ್ದರಿಂದ ಕೂಲರನ್ನು ಎರಡು ಸಲ ಉಜ್ಜಬೇಕು, ಎತ್ತಿಡುವಾಗ ಒಮ್ಮೆ, ಇಳಿಸಿದಾಗ ಒಮ್ಮೆ. ಪಕ್ಕಗಳ ಹಳೆಯ ಹುಲ್ಲನ್ನು ಕಿತ್ತು ಎಸೆದು ಹೊಸದು ಹಾಕುವುದು ಒಳ್ಳೆಯದು. ಓಡುವ ತಿಂಗಳುಗಳಲ್ಲಿ ವಾರಕ್ಕೊಂದು ದಿನ ಪೂರ್ತಿ ಬರಿದುಮಾಡಿ ತಿಕ್ಕಿ, ಒಣಗಿಸಿ, ಸಂಜೆ ತುಂಬಬೇಕು. ಕೆಲವರು ಒಂದು ಚಮಚ ಸೀಮೆಎಣ್ಣೆ ಹಾಕುತ್ತಾರೆ. ನಿಂತ ಗುಂಡಿಯಲ್ಲಿ ಎಣ್ಣೆಯ ಪದರ ಹುಳದ ಉಸಿರುಗೊಳವೆಯನ್ನು ಮುಚ್ಚೀತು. ಓಡುವ ಕೂಲರಿನಲ್ಲಿ ಪಂಪು ಆ ಪದರವನ್ನು ಒಡೆದುಬಿಡುತ್ತದೆ, ವಾಸನೆ ಮನೆಯೆಲ್ಲ ತುಂಬುತ್ತದೆ, ಬೆಂಕಿಯ ಭಯ ಬೇರೆ.

ಹೂಕುಂಡದ ತಟ್ಟೆಗಳು ಏಳಿದ್ದವು. ಅವಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಂಚಿನವರೆಗೆ ದಪ್ಪ ಮರಳು ತುಂಬಿದೆವು. ಕುಂಡದಿಂದ ಸೋರಿದ ನೀರು ಮರಳಿನ ನಡುವೆ ಇಂಗಿಕೊಳ್ಳುತ್ತದೆ, ಹುಳ ಈಜಲು ನೀರೇ ಇಲ್ಲ. ಮಳೆಗೆ ಮರಳು ಕೊಚ್ಚಿಹೋಗಿ ಮೇಲೆ ನೀರು ಮಿನುಗಿದರೆ ಇನ್ನೊಂದು ಹಿಡಿ ಹಾಕಬೇಕು. ಕಿಟಕಿಯ ಮನಿಪ್ಲಾಂಟ್ ಬಾಟಲಿಯ ನೀರು ಬದಲಿಸುವಾಗ ಬಾಟಲಿಯ ಒಳಗನ್ನು ಉಜ್ಜಿ, ಬೇರನ್ನೂ ಧಾರೆ ನೀರಿನಲ್ಲಿ ತೊಳೆಯಬೇಕು. ಫ್ರಿಜ್ಜಿನ ಹಿಂಬದಿಯ ತಟ್ಟೆಯನ್ನು ಅಕ್ಕ ಹದಿನೈದು ವರ್ಷದಲ್ಲಿ ಅಂದೇ ಮೊದಲು ನೋಡಿದ್ದು.

ಓಣಿಯಲ್ಲಿ ಹೊಗೆಯಂತ್ರ ಬಂದರೆ ಸಾಕೆಂದು ಜನ ಕಾಯುತ್ತಾರೆ. ಆ ಹೊಗೆ ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ. ಗೋಡೆಯ ಮೊಟ್ಟೆಗೂ ನೀರೊಳಗಿನ ಹುಳಕ್ಕೂ ಅದು ಏನೂ ಮಾಡದು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ದಂಡಕ್ಕೆ ಹೆದರಿ ನೀರು ಚೆಲ್ಲಬಹುದು. ಉಜ್ಜಲು ಕಲಿಸುವುದಕ್ಕೆ ಯಾರಾದರೂ ಡ್ರಮ್ಮಿನ ಪಕ್ಕ ನಿಂತು ತೋರಿಸಲೇಬೇಕು.

ಈ ಏಪ್ರಿಲಿನಲ್ಲಿ ಅಕ್ಕ ಫೋನ್ ಮಾಡಿದ್ದಳು. ಕೂಲರ್ ಇಳಿಸಿ, ಉಜ್ಜುವ ಮೊದಲು ಒಳಗೋಡೆಯ ಕಪ್ಪನ್ನು ಚಾಕುವಿನಿಂದ ಕೆರೆದು ಒಂದು ಗಾಜಿನ ಲೋಟದ ನೀರಿಗೆ ಹಾಕಿ ಬಟ್ಟೆ ಕಟ್ಟಿಟ್ಟಿದ್ದಳಂತೆ. "ಮೂರನೇ ದಿನಕ್ಕ ದಾರದ ಎಳಿ ಹಂಗ ಆರು ಹುಳ ಅವ ನೋಡು" ಎಂದಳು. ಲೋಟದ ನೀರನ್ನು ಅಂಗಳದ ಬಿಸಿಲಿಗೆ ಚೆಲ್ಲಿ, ಬ್ರಶ್ಶು ಹಿಡಿದು ಕೂತಿದ್ದಾಳೆ. ಈಡಿಸ್ ಸಾಮಾನ್ಯವಾಗಿ ನೂರಿನ್ನೂರು ಮೀಟರಿನಾಚೆ ಹೋಗುವುದಿಲ್ಲ. ಅಷ್ಟರೊಳಗೆ ಅವಳ ಮನೆಯ ಎಡಕ್ಕೊಂದು ಬೀಗ ಹಾಕಿದ ಮನೆಯಿದೆ, ಅದರ ಕಿಟಕಿಗೆ ಹೋದ ವರ್ಷದ ಕೂಲರ್ ಹಾಗೇ ನೇತಾಡುತ್ತಿದೆ. ಮನೆಯವರು ಪುಣೆಯಲ್ಲಿದ್ದಾರೆ, ಕೀಲಿ ಯಾರ ಹತ್ತಿರ ಇದೆ ಎಂದು ಅವಳು ಓಣಿಯಲ್ಲಿ ಕೇಳುತ್ತಿದ್ದಾಳೆ.