ಗ್ಯಾಮಾ ನಕ್ಷೆಯ ಏರಿಳಿತ

ಸೀಸಿಯಂ-137ರ ಮುಖ್ಯ ಗ್ಯಾಮಾ ಕಿರಣ ಒಂದೇ. ಶಕ್ತಿ 662 ಕಿಲೋ ಎಲೆಕ್ಟ್ರಾನ್ ವೋಲ್ಟ್. ಆದರೂ ಸೋಡಿಯಂ ಅಯೊಡೈಡ್ ಹರಳಿನ ಮುಂದೆ ಅದನ್ನಿಟ್ಟರೆ ನಕ್ಷೆಯಲ್ಲಿ ನಾವು ಕಾಣುವುದು ಒಂದು ಬೆಟ್ಟದ ಸಾಲನ್ನು! ಕಿರಣವು ಶಕ್ತಿಯನ್ನೆಲ್ಲ ಹರಳಿಗೆ ಒಪ್ಪಿಸಿದರೆ ಬಲಗಡೆ 662ರಲ್ಲಿ ಫೋಟೋಶಿಖರ ಏಳುತ್ತದೆ. ಎಲೆಕ್ಟ್ರಾನಿಗೆ ಬಡಿದು ಹೊರಗೆ ಪಾರಾದರೆ ಹರಳಿಗೆ ದಕ್ಕುವುದು ಒಂದು ಪಾಲು ಮಾತ್ರ. ನೇರ ಹಿಂದಕ್ಕೆ ಸಿಡಿದಾಗ ಆ ಪಾಲು ಅತಿ ಹೆಚ್ಚು, 478. ಅಲ್ಲಿ ನಕ್ಷೆ ಇಳಿಜಾರಾಗಿ ಕುಸಿಯುತ್ತದೆ; ಇದೇ ಕಾಂಪ್ಟನ್ ಅಂಚು. ಹೊಸಬರು ಇದನ್ನು ಬೇರೊಂದು ಕಿರಣವೆಂದೆಣಿಸುವುದುಂಟು. ತಾಳೆ ನೋಡುವುದು ಸುಲಭ: ಗೋಡೆ, ಮೇಜುಗಳಿಗೆ ತಾಗಿ ಮರಳಿದ ಕಿರಣಗಳು 184ರ ಸುಮಾರಿನಲ್ಲಿ ಗುಡ್ಡೆ ಕಟ್ಟಿರುತ್ತವೆ. 478ಕ್ಕೆ 184 ಕೂಡಿಸಿದರೆ 662. ನಮ್ಮ ಜಮಾಖರ್ಚಿನ ಪುಸ್ತಕವೂ ಇಷ್ಟು ಚೆನ್ನಾಗಿ ಹೊಂದುವುದಿಲ್ಲ.

ಥೋರಿಯಂನಲ್ಲಿ ಇನ್ನೊಂದು ಮೋಜು. ಅದರ ವಂಶದ ಥ್ಯಾಲಿಯಂ-208 ಬಿಡುವ 2615ರ ಕಿರಣ ಹರಳಿನೊಳಗೆ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯಾಗಬಲ್ಲದು. ಪಾಸಿಟ್ರಾನ್ ಅಳಿದಾಗ 511ರ ಎರಡು ಕಿರಣಗಳು ಹುಟ್ಟುತ್ತವೆ. ಅವುಗಳಲ್ಲೊಂದು ತಪ್ಪಿಸಿಕೊಂಡರೆ 2104ರಲ್ಲಿ, ಎರಡೂ ಹೋದರೆ 1593ರಲ್ಲಿ ಪಲಾಯನ ಶಿಖರ. ಹರಳು ದೊಡ್ಡದಾದಷ್ಟೂ ಇವು ಫೋಟೋಶಿಖರದೆದುರು ಕುಗ್ಗುತ್ತವೆ. 1593ನ್ನು ಮಾತ್ರ ನಂಬುವಂತಿಲ್ಲ: ಅದೇ ವಂಶದ ಆಕ್ಟಿನಿಯಂ-228ಕ್ಕೆ 1588ರ ನಿಜವಾದ ಕಿರಣವೊಂದಿದೆ. ಅವೆರಡನ್ನು ಬಿಡಿಸಿ ತೋರಿಸುವುದು ಈ ಹರಳಿಗೆ ಸಾಧ್ಯವಿಲ್ಲ.